ವೈ-ಫೈ ವರದಿಯಲ್ಲಿ ಬರುವ ಆ ‘ಡ್ರೈವರ್’

ವೈ-ಫೈ ಪದೇ ಪದೇ ಕಡಿದುಹೋಗುತ್ತದೆ ಎಂದು ಬರುವವರಿಗೆ ನಾನು ಮೊದಲು ಮಾಡಿಸುವುದು ಒಂದೇ ಕೆಲಸ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಿಸುತ್ತೇನೆ:

```
netsh wlan show wlanreport
```

ಕಳೆದ 3 ದಿನಗಳ ವೈ-ಫೈ ಚರಿತ್ರೆ ಒಂದು ವೆಬ್ ಪುಟವಾಗಿ ಸಿದ್ಧವಾಗುತ್ತದೆ. ಅದು ಎಲ್ಲಿ ಉಳಿದಿದೆ ಎಂಬುದನ್ನು ಕಮಾಂಡ್ ತಾನೇ ತಿಳಿಸುತ್ತದೆ. ಹೆಚ್ಚು ದಿನಗಳದು ಬೇಕಿದ್ದರೆ ಕೊನೆಗೆ `duration="7"` ಎಂದು ಸೇರಿಸಬಹುದು.

ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ವರದಿಯೊಳಗಿನ ಒಂದು ಸಾಲಿನಲ್ಲಿ: `The network is disconnected by the driver.` ಇದನ್ನು ಓದಿದ ಕೂಡಲೇ ಜನ ಡ್ರೈವರನ್ನು, ಅಂದರೆ ವೈ-ಫೈ ಅಡಾಪ್ಟರನ್ನು ನಡೆಸುವ ತಂತ್ರಾಂಶವನ್ನು, ಅಳಿಸಿ ಮತ್ತೆ ಹಾಕುತ್ತಾರೆ, ಹಳೆಯ ಆವೃತ್ತಿಯನ್ನು ಹುಡುಕುತ್ತಾರೆ, ಕೊನೆಗೆ ಹೊಸ ಅಡಾಪ್ಟರನ್ನೇ ಕೊಂಡು ತರುತ್ತಾರೆ. ಕಡಿತ ಮಾತ್ರ ಮೊದಲಿನಂತೆಯೇ ಇರುತ್ತದೆ.

ಆ ಸಾಲು ಹೇಳುವುದಿಷ್ಟೇ: ಸಂಪರ್ಕ ಹೋಯಿತೆಂಬ ಸುದ್ದಿ ವಿಂಡೋಸ್‌ಗೆ ಡ್ರೈವರ್‌ನಿಂದ ಬಂತು. ರೇಡಿಯೊದೊಂದಿಗೆ ನೇರವಾಗಿ ವ್ಯವಹರಿಸುವುದು ಡ್ರೈವರ್ ಮಾತ್ರ. ರೂಟರ್ ‘ಹೊರಡು’ ಎಂದರೂ ಸುದ್ದಿ ಅದರ ಮೂಲಕವೇ ಬರಬೇಕು. ಗೋಡೆಯಾಚೆ ಹೋಗಿ ಸಿಗ್ನಲ್ ಸತ್ತರೂ ಅಷ್ಟೇ. ಸಾವಿನ ತಂತಿ ತಂದ ಅಂಚೆಯವನನ್ನು ಕೊಲೆಗಾರನೆಂದು ಹಿಡಿದುಕೊಟ್ಟಂತೆ ಆಗುತ್ತದೆ. ಡ್ರೈವರ್ ಎಂದೂ ತಪ್ಪು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಸಾಲೊಂದೇ ಅದಕ್ಕೆ ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಏನನ್ನು ಓದಬೇಕು? ಸಮಯವನ್ನು. ಪ್ರತಿ ಸೆಷನ್ ಯಾವಾಗ ಶುರುವಾಯಿತು, ಎಷ್ಟು ಹೊತ್ತು ನಡೆಯಿತು, ಯಾವಾಗ ಮುಗಿಯಿತು ಎಂಬುದು ವರದಿಯಲ್ಲಿದೆ. ಕಡಿತಕ್ಕೆ ಕೆಲವೇ ಸೆಕೆಂಡು ಮುಂಚೆ ಕಂಪ್ಯೂಟರ್ ನಿದ್ರೆಗೆ ಜಾರಿದ ದಾಖಲೆ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಅದು ಇಲ್ಲದಿದ್ದರೆ ಕಾಗದ, ಪೆನ್ನು ತೆಗೆದುಕೊಳ್ಳಿ.

ಮನೆಯಿಂದಲೇ ಪಾಠ ಹೇಳುವ ಶಿಕ್ಷಕಿಯೊಬ್ಬರು ಹೀಗೆ ಬಂದಿದ್ದರು. ಡ್ರೈವರನ್ನು ಅವರು ಆಗಲೇ ಎರಡು ಸಲ ಬದಲಿಸಿ ಆಗಿತ್ತು. ವರದಿಯಲ್ಲಿ ಕಂಡದ್ದು: 9:31ಕ್ಕೆ ಸೇರಿ 10:52ಕ್ಕೆ ಕಡಿತ. ಕೆಲವು ಸೆಕೆಂಡುಗಳಲ್ಲಿ ತಾನಾಗಿ ಮರುಸಂಪರ್ಕ, 11:52ಕ್ಕೆ ಮತ್ತೆ ಕಡಿತ. ಆಮೇಲೆ ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟು 1:40ಕ್ಕೆ ತೆರೆದಿದ್ದರು. 12 ನಿಮಿಷವೂ ಕಳೆದಿರಲಿಲ್ಲ, 1:52ಕ್ಕೆ ಕಡಿತ.

ಮೊದಲ ಸೆಷನ್ 81 ನಿಮಿಷ, ಎರಡನೆಯದು 60, ಮೂರನೆಯದು 12. ಅವಧಿಗಳು ಒಂದಕ್ಕೊಂದು ಹೊಂದುವುದಿಲ್ಲ, ಆದರೆ ಎಲ್ಲವೂ ಮುಗಿಯುವುದು 52ನೇ ನಿಮಿಷಕ್ಕೆ. ಲ್ಯಾಪ್‌ಟಾಪ್ ಯಾವಾಗ ಸೇರಿತೆಂಬುದನ್ನು ಲೆಕ್ಕಿಸದೆ ಗಂಟೆಗೊಮ್ಮೆ ಎಣಿಸುತ್ತಿರುವ ಗಡಿಯಾರ ಬೇರೆಲ್ಲೋ ಇದೆ ಎಂದಾಯಿತು. ಪ್ರತಿ ಸೆಷನ್ನೂ ಒಂದೇ ಅವಧಿಗೆ ಕಡಿಯುತ್ತಿದ್ದರೆ ನಾನು ಪ್ರತಿ ಸಾಧನಕ್ಕೂ ಇಟ್ಟಿರುವ ಸಮಯದ ಮಿತಿಯನ್ನು ಹುಡುಕುತ್ತಿದ್ದೆ.

ರೂಟರನ್ನು ಆರಿಸಿ ಹಚ್ಚಿಸಿದೆ. ಮರುದಿನದ ವರದಿಯಲ್ಲಿ ಕಡಿತಗಳು 17ನೇ ನಿಮಿಷಕ್ಕೆ ಸರಿದಿದ್ದವು. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ, ಎಲ್ಲ ಸಾಧನಗಳೂ ಹಂಚಿಕೊಳ್ಳುವ ಗುಪ್ತಲಿಪಿಯ ಕೀಲಿಯನ್ನು ಬದಲಿಸುವ ಅವಧಿ 3600 ಸೆಕೆಂಡು ಎಂದಿತ್ತು. ಖಾತರಿಗಾಗಿ ಅದನ್ನು 1800 ಮಾಡಿದೆ. ಕಡಿತ ಅರ್ಧ ಗಂಟೆಗೊಮ್ಮೆ ಆಯಿತು. ಕೀಲಿ ಬದಲಾಗುವಾಗ ಹೊಸ ಕೀಲಿಯ ಕೈಬದಲಾವಣೆ ಕೆಡುತ್ತಿತ್ತು. ಮೊಬೈಲ್ ಕೂಡ ಅದೇ ಹೊತ್ತಿಗೆ ಕಡಿಯುತ್ತಿತ್ತು, ಆದರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳಿ ಯಾರ ಗಮನಕ್ಕೂ ಬಂದಿರಲಿಲ್ಲ. ರೂಟರ್‌ನ ಫರ್ಮ್‌ವೇರ್ ಹೊಸದು ಹಾಕಿದ ಮೇಲೆ ಕಡಿತ ನಿಂತಿತು. ‘ಎರಡು ವಾರದಿಂದ ಡ್ರೈವರನ್ನು ಬೈದುಕೊಂಡಿದ್ದೆನಲ್ಲ ಸಾರ್’ ಎಂದು ಅವರು ನಕ್ಕರು.

ಮೊಬೈಲ್ ಕಡಿಯದೆ ಲ್ಯಾಪ್‌ಟಾಪ್ ಒಂದೇ ಕಡಿಯುತ್ತಿದ್ದರೆ ನಾನೂ ಡ್ರೈವರನ್ನು ಶಂಕಿಸುತ್ತಿದ್ದೆ. ಈವೆಂಟ್ ವ್ಯೂವರ್‌ನ ಸಿಸ್ಟಂ ದಾಖಲೆಯಲ್ಲಿ ಅದೇ ಸೆಕೆಂಡಿಗೆ 10400 ಸಂಖ್ಯೆಯ ನಮೂದು, ಅಂದರೆ ಅಡಾಪ್ಟರ್ ರೀಸೆಟ್ ಆದದ್ದು, ಕಂಡರೆ ಆ ಶಂಕೆ ಗಟ್ಟಿಯಾಗುತ್ತದೆ.

ಇನ್ನೊಂದು ಗೊಂದಲವೂ ಆಗಾಗ ಬರುತ್ತದೆ. ‘ಮೂರು ಗಂಟೆಗೆ ನೆಟ್ ಹೋಗಿತ್ತು, ವರದಿಯಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ವರದಿ ನೋಡುವುದು ಕಂಪ್ಯೂಟರ್ ಮತ್ತು ರೂಟರ್ ನಡುವಿನ ಕೊಂಡಿಯನ್ನು. ರೂಟರ್‌ನಿಂದಾಚೆ ಇಂಟರ್‌ನೆಟ್ ನಿಂತರೆ ಸೆಷನ್ ಆರಾಮಾಗಿ ಮುಂದುವರಿದಂತೆಯೇ ಕಾಣುತ್ತದೆ. ಆಗ ದೂರು ಹೋಗಬೇಕಾದದ್ದು ಇಂಟರ್‌ನೆಟ್ ಕೊಡುವವರಿಗೆ. ಅವರಿಗೂ ಈ ಕಡತವನ್ನು ಇಡಿಯಾಗಿ ಕಳುಹಿಸಬೇಡಿ. ನಿಮ್ಮ ಬಳಕೆದಾರ ಹೆಸರು, ಅಡಾಪ್ಟರ್ ವಿಳಾಸ, ನೀವು ಬಳಸಿದ ನೆಟ್‌ವರ್ಕ್‌ಗಳ ಹೆಸರು ಎಲ್ಲ ಅದರಲ್ಲಿರುತ್ತವೆ.