ಎರಡು ರೂಪಾಯಿ ಟ್ರಯಲ್‌ಗೆ ಹತ್ತು ರೂಪಾಯಿಯ ಕಾರ್ಡ್

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನ ಗೆಳೆಯನ ಫೋಟೊ ಸ್ಟುಡಿಯೊ ಇದೆ. ಮದುವೆ ಸೀಸನ್‌ನಲ್ಲಿ ಆಲ್ಬಂ ಕೆಲಸ ರಾಶಿ ಬಿದ್ದಾಗ, ಫೋಟೊ ತಿದ್ದುವ ಸಾಫ್ಟ್‌ವೇರ್ ಒಂದನ್ನು 7 ದಿನದ ಟ್ರಯಲ್‌ಗೆ ಹಾಕಿಕೊಂಡಿದ್ದ. ಎಂಟನೇ ದಿನ ಫೋನ್ ಮಾಡಿದ. "ಎರಡು ರೂಪಾಯಿ ಅಂದಿದ್ರು, ಒಂಬೈನೂರು ಹೋಗ್ಯಾವೆ ನೋಡಪ್ಪ!"

ಲೆಕ್ಕ ಸರಿಯಾಗಿಯೇ ಇತ್ತು. ತಿಂಗಳಿಗೆ 799, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಒಟ್ಟು 942 ರೂಪಾಯಿ 82 ಪೈಸೆ.

ಆ ಎರಡು ರೂಪಾಯಿ ಸಾಫ್ಟ್‌ವೇರ್‌ನ ಬೆಲೆ ಅಲ್ಲ. ಕಾರ್ಡ್ ನಿಜವಾದದ್ದಾ, ಚಾಲ್ತಿಯಲ್ಲಿದೆಯಾ ಅಂತ ಕಂಪನಿ ಪರೀಕ್ಷಿಸುವ ಮೊತ್ತ. ಸಾಮಾನ್ಯವಾಗಿ ಅದು ವಾಪಸ್ ಬರುತ್ತದೆ. ಆದರೆ ಅದಕ್ಕೆ ನಾವು ಒಟಿಪಿ ಹಾಕುವಾಗ ಇನ್ನೊಂದು ಕೆಲಸವೂ ಆಗುತ್ತದೆ. ಮುಂದೆ ಪ್ರತಿ ತಿಂಗಳು ಹಣ ತೆಗೆಯಬಹುದು ಅನ್ನುವ ಒಪ್ಪಿಗೆ, ಅಂದರೆ ಇ-ಮ್ಯಾಂಡೇಟ್, ದಾಖಲಾಗುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಇದರ ಮಿತಿಯನ್ನು 15,000 ರೂಪಾಯಿಗೆ ಏರಿಸಿತು. ಅದರೊಳಗಿನ ಕಂತಿಗೆ ಮತ್ತೆ ಒಟಿಪಿ ಬೇಕಿಲ್ಲ. ಹಣ ಹೋಗುವ ಕನಿಷ್ಠ 24 ಗಂಟೆ ಮುಂಚೆ ಒಂದು ಮೆಸೇಜ್ ಬರಬೇಕು, ಅಷ್ಟೇ. ನನ್ನ ಗೆಳೆಯನಿಗೂ ಬಂದಿತ್ತು. ಲೋನ್ ಕೊಡ್ತೀವಿ, ಸೀರೆ ಡಿಸ್ಕೌಂಟ್ ಅನ್ನುವ ಮೆಸೇಜ್‌ಗಳ ನಡುವೆ ಕಾಣಲಿಲ್ಲ.

ಹಾಗಾದರೆ ಮೊದಲ ದಿನವೇ ರದ್ದು ಮಾಡಿದರಾಯ್ತಲ್ವಾ? ಹಲವು ಕಡೆ ನಡೆಯುತ್ತದೆ. ಕೆಲವರು ಮಾತ್ರ ರದ್ದು ಮಾಡಿದ ಗಳಿಗೆಯಲ್ಲೇ ಟ್ರಯಲ್ ನಿಲ್ಲಿಸುತ್ತಾರೆ. ವರ್ಚುವಲ್ ಕಾರ್ಡ್ ಉಪಯೋಗಕ್ಕೆ ಬರುವುದು ಇಲ್ಲಿ.

ಒಪ್ಪಿಗೆ ದಾಖಲಾದ ಮಾತ್ರಕ್ಕೆ ಹಣ ತಾನಾಗಿ ಹರಿದು ಹೋಗುವುದಿಲ್ಲ. ಪ್ರತಿ ಕಂತಿಗೂ ಕಂಪನಿಯಿಂದ ಕೋರಿಕೆ ಹೊರಟು, ಕಾರ್ಡ್ ಜಾಲದ ಮೂಲಕ ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರುತ್ತದೆ. ಕಾರ್ಡ್ ಜೀವಂತ ಇದೆಯಾ, ಹಣ ಇದೆಯಾ, ಲಿಮಿಟ್ ಒಳಗಿದೆಯಾ ಅಂತ ಬ್ಯಾಂಕ್ ಪ್ರತಿ ಸಲ ಹೊಸದಾಗಿ ನೋಡುತ್ತದೆ. ವರ್ಚುವಲ್ ಕಾರ್ಡ್ ಅಂದರೆ ಪ್ಲಾಸ್ಟಿಕ್ ಇಲ್ಲದ, ಬೇರೆಯದೇ 16 ಅಂಕಿಯ ಒಂದು ನಂಬರ್. ಕೆಲವು ಬ್ಯಾಂಕ್ ಆ್ಯಪ್‌ಗಳಲ್ಲೇ ಮಾಡಿಕೊಳ್ಳಬಹುದು. ಅದಕ್ಕೆ ಹತ್ತು ರೂಪಾಯಿ ಲಿಮಿಟ್ ಇಟ್ಟರೆ ಎರಡು ರೂಪಾಯಿಯ ಪರೀಕ್ಷೆ ಪಾಸಾಗುತ್ತದೆ, 942 ರೂಪಾಯಿಯ ಕೋರಿಕೆ ವಾಪಸ್ ಹೋಗುತ್ತದೆ. ಕನಿಷ್ಠ ನೂರು ಇಡಿ ಅಂತ ಆ್ಯಪ್ ಹಟ ಹಿಡಿದರೂ ಪರವಾಗಿಲ್ಲ, ಕಂತಿಗಿಂತ ಕಡಿಮೆ ಇದ್ದರೆ ಸಾಕು.

ಗೆಳೆಯ ಎಡವಿದ್ದು ಎರಡನೇ ಪ್ರಯತ್ನದಲ್ಲಿ. ಬೇರೊಂದು ಸಾಫ್ಟ್‌ವೇರ್‌ಗೆ ವರ್ಚುವಲ್ ಕಾರ್ಡನ್ನೇ ಮಾಡಿಕೊಂಡಿದ್ದ, ಆದರೆ "ಇರಲಿ" ಅಂತ ಸಾವಿರ ರೂಪಾಯಿ ಲಿಮಿಟ್ ಇಟ್ಟಿದ್ದ. ಅದರ ಕಂತು 590. ಸಲೀಸಾಗಿ ಹೋಯಿತು. ಜೊತೆಗೆ ಆ ಲಿಮಿಟ್ ತಿಂಗಳ ಲೆಕ್ಕದ್ದು. ಒಂದನೇ ತಾರೀಖು ಬಂದರೆ ಮತ್ತೆ ಸಾವಿರ ತುಂಬಿಕೊಳ್ಳುತ್ತದೆ. ನಾನು ಅವನಿಗೆ ಹೇಳಿದ್ದು ಇಷ್ಟು: ಆ್ಯಪ್‌ನಲ್ಲಿ ಲಿಮಿಟ್ ಎಷ್ಟು ಅನ್ನುವುದಕ್ಕಿಂತ ಎಂಥದ್ದು ಅಂತ ಮೊದಲು ಓದು. ಒಂದು ವ್ಯವಹಾರಕ್ಕಾ, ತಿಂಗಳಿಗಾ, ಇಲ್ಲಾ ಕಾರ್ಡ್‌ನ ಇಡೀ ಆಯಸ್ಸಿಗಾ? ಟ್ರಯಲ್‌ಗೆ ಕೊನೆಯದೇ ಗಟ್ಟಿ.

ತೀರಾ ಜಿಪುಣತನವೂ ಕೆಲಸಕ್ಕೆ ಬಾರದು. ಸರಿಯಾಗಿ ಎರಡೇ ರೂಪಾಯಿ ಇಟ್ಟಿರಿ ಅನ್ನಿ. ಮೊದಲ ಸಲ ಒಟಿಪಿ ತಪ್ಪಿ, ಎರಡನೇ ಸಲ ಸರಿಹೋಗಿ, ನಡುವೆ ಎಲ್ಲೋ ಆ ಎರಡು ರೂಪಾಯಿ ತಡೆಹಿಡಿದಿದ್ದರೆ, ಅದು ಬಿಡುಗಡೆ ಆಗುವ ತನಕ ಕಾರ್ಡ್ ಖಾಲಿ. ಒಂದೇ ಬಾರಿ ಬಳಸುವ ಕಾರ್ಡ್‌ಗೂ ಇದೇ ಗತಿ, ಪರೀಕ್ಷೆಯಲ್ಲೇ ಅದರ ಆಟ ಮುಗಿಯುತ್ತದೆ. ಇನ್ನು ಕೆಲವು ಕಂಪನಿಗಳು ನಂಬರ್‌ನ ಮೊದಲ ಅಂಕಿಗಳನ್ನು ನೋಡಿಯೇ ಪ್ರೀಪೇಯ್ಡ್ ಕಾರ್ಡ್ ಅಂತ ಗುರುತಿಸಿ ಬೇಡ ಅನ್ನುತ್ತವೆ. ಅಲ್ಲಿ ಈ ಉಪಾಯ ನಡೆಯದು. ಯುಪಿಐ ಆಟೊಪೇ ಆರಿಸಿದರೂ ಅಷ್ಟೇ, ಆ ದಾರಿಯಲ್ಲಿ ಸಾಮಾನ್ಯವಾಗಿ ಕಾರ್ಡ್ ಬರುವುದಿಲ್ಲ.

ಕೋರಿಕೆ ವಾಪಸ್ ಹೋದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಬ್ಯಾಂಕ್ "ಇಲ್ಲ" ಅಂದದ್ದು ಹಣಕ್ಕೆ, ನಿಮ್ಮ ಚಂದಾ ಇನ್ನೂ ರದ್ದಾಗಿಲ್ಲ. ಕಂಪನಿ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಆಗ ಲಿಮಿಟ್ ಏರಿಸಿದ್ದರೆ ಹಳೆ ಕಂತು ಹೋಗಿಯೇ ಬಿಡುತ್ತದೆ. "ತಿಂಗಳ ಕಂತಿನಲ್ಲಿ ವಾರ್ಷಿಕ ಪ್ಲಾನ್" ಅಂತ ಇದ್ದರಂತೂ, ಟ್ರಯಲ್ ದಾಟಿದ ಮೇಲೆ ಬಾಕಿ ನಿಮ್ಮ ಹೆಸರಲ್ಲೇ ನಿಲ್ಲಬಹುದು. ಷರತ್ತು ಓದಿಯೇ ತಿಳಿಯಬೇಕು.

ಮೂರನೇ ಸಲ ಗೆಳೆಯ ಹತ್ತು ರೂಪಾಯಿಯ ಕಾರ್ಡ್ ಮಾಡಿದ, ಇಡೀ ಆಯಸ್ಸಿಗೆ ಅಷ್ಟೇ ಲಿಮಿಟ್. ಎಂಟನೇ ದಿನ ಬೆಳಿಗ್ಗೆ ಬ್ಯಾಂಕಿನಿಂದ "ವ್ಯವಹಾರ ವಿಫಲ" ಅಂತ ಮೆಸೇಜ್, ಕಂಪನಿಯಿಂದ "ಪಾವತಿ ವಿವರ ಸರಿಪಡಿಸಿ" ಅಂತ ಮೇಲ್. ಅದೇ ಮೇಲ್‌ನ ಲಿಂಕ್ ಒತ್ತದೆ, ನೇರ ಸಾಫ್ಟ್‌ವೇರ್‌ನ ಖಾತೆಗೆ ಹೋಗಿ ಚಂದಾ ರದ್ದು ಮಾಡಿದ. ಆಮೇಲೆ ಬ್ಯಾಂಕ್ ಆ್ಯಪ್‌ನಲ್ಲಿ ಮ್ಯಾಂಡೇಟ್ ಅಳಿಸಿ, ಕೊನೆಗೆ ಕಾರ್ಡ್ ಮುಚ್ಚಿದ. ಎರಡು ರೂಪಾಯಿ ವಾಪಸ್ ಬಂತಾ ಅಂತ ಕೇಳಿದೆ. ನಾಲ್ಕು ದಿನ ಮೊದಲೇ ಬಂದಿತ್ತಂತೆ.