ಸಂಬಳ ತಡವಾದ ಸಂಜೆ ಬರೆಯುವ ಮೇಲ್

ಕಾರವಾರದ ಒಂದು ಕಂಪನಿ, ಸುಮಾರು 140 ಜನ. ತಿಂಗಳ ಕೊನೆಯ ದಿನ ಸಂಬಳ ಹಾಕುವುದು ಅಲ್ಲಿಯ ರೂಢಿ. ಆ ತಿಂಗಳ 31 ಶುಕ್ರವಾರ ಬಂದಿತ್ತು. ಸಂಜೆ ನಾಲ್ಕಾದರೂ ಯಾರ ಮೊಬೈಲ್‌ಗೂ ಬ್ಯಾಂಕಿನ ಮೆಸೇಜ್ ಇಲ್ಲ. ಎಚ್‌ಆರ್‌ನವರು ನನಗೆ ಫೋನ್ ಮಾಡಿ, "ಸರ್, ಒಂದು ಮೇಲ್ ಬರೆದಿದ್ದೇನೆ, ಕಳಿಸುವ ಮೊದಲು ಒಮ್ಮೆ ನೋಡಿ" ಎಂದರು.

ಅದರಲ್ಲಿ ಇದ್ದದ್ದು ಎರಡೇ ಸಾಲು. ತಾಂತ್ರಿಕ ಕಾರಣಗಳಿಂದ ಸಂಬಳ ವಿಳಂಬವಾಗಿದೆ, ಶೀಘ್ರದಲ್ಲೇ ಜಮಾ ಆಗಲಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಇದನ್ನು ಓದಿದವರು ಏನು ತಿಳಿಯುತ್ತಾರೆ? ಕಂಪನಿ ಹತ್ತಿರ ದುಡ್ಡಿಲ್ಲ ಅಂತ. ನಿಜ ಸಂಗತಿ ಹೇಳದಿದ್ದರೆ ಜನ ಅದಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾರೆ.

"ನಿಜವಾಗಿ ಆಗಿದ್ದೇನು?" ಎಂದು ಕೇಳಿದೆ. ದುಡ್ಡು ಖಾತೆಯಲ್ಲೇ ಇತ್ತು. ಅಕೌಂಟ್ಸ್‌ನವರು ಸಂಬಳದ ಫೈಲನ್ನು ಬ್ಯಾಂಕಿನ ಪೋರ್ಟಲ್‌ಗೆ 30ಕ್ಕೇ ಹಾಕಿದ್ದರು. ಆದರೆ ಹಾಕುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಆ ಇನ್ನೊಬ್ಬರ ಡಿಜಿಟಲ್ ಸಹಿಯ ಟೋಕನ್ ಅವಧಿ ಮುಗಿದಿತ್ತು. ಯಾರೂ ನೋಡಿರಲಿಲ್ಲ. ತಪ್ಪು ಬ್ಯಾಂಕಿನದಲ್ಲ, ಕಂಪನಿಯದ್ದೇ. ಹಾಗಂತ ಬರೆಯಲು ಅವರಿಗೆ ಸಂಕೋಚ. ಬ್ಯಾಂಕ್ ಮೇಲೆ ಹಾಕಿದರೆ ಸುಲಭ ಅಲ್ವಾ? ಆದರೆ ಅದೇ ಶಾಖೆಯಲ್ಲಿ ಸಿಬ್ಬಂದಿಯ ಅಣ್ಣನೋ ಭಾವನೋ ಕೆಲಸಕ್ಕಿರುತ್ತಾರೆ. ನಮ್ಮೂರಲ್ಲಿ ಇಂಥ ಸುಳ್ಳು ಎರಡು ದಿನ ಉಳಿಯುವುದಿಲ್ಲ.

ಜಾಸ್ತಿ ಹೊತ್ತು ಹೋಗಿದ್ದು ತಾರೀಕಿನ ಮೇಲೆ. ಅವರು "ಸೋಮವಾರ" ಎಂದಿದ್ದರು. ನೆಫ್ಟ್ ಈಗ ರಜೆಯಲ್ಲೂ ನಡೆಯುತ್ತದೆ ನಿಜ, 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ ಇದೆ. ಆದರೆ ಇಲ್ಲಿ ಬೇಕಿದ್ದದ್ದು ಶಾಖೆಯ ಮನುಷ್ಯರು. ಹೊಸ ಟೋಕನ್ ನೋಂದಾಯಿಸಲು ಶನಿವಾರ ಅರ್ಜಿ ಕೊಡಬಹುದು, ಅದು ಮೊದಲನೇ ಶನಿವಾರ, ಬ್ಯಾಂಕ್ ತೆರೆದಿರುತ್ತದೆ. ಭಾನುವಾರ ರಜೆ. ಸೋಮವಾರ ಟೋಕನ್ ಚಾಲೂ ಆಗಬಹುದು, ಆಗದೆಯೂ ಇರಬಹುದು. ಹಾಗಾಗಿ ಮಂಗಳವಾರ ಎಂದು ಬರೆಸಿದೆ. ಕೊಟ್ಟ ಮಾತು ಎರಡನೇ ಸಲ ತಪ್ಪಿದರೆ ಮೂರನೇ ಮೇಲ್ ಯಾರೂ ನಂಬುವುದಿಲ್ಲ.

ಇನ್ನೊಂದು ವಿಷಯ ಕಂಪನಿಯವರ ತಲೆಗೇ ಬಂದಿರಲಿಲ್ಲ. ಸಾಲದ ಕಂತು ಎಳೆಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್‌ನಿಂದ ಭಾನುವಾರವೂ ನಡೆಯುತ್ತದೆ. 2ನೇ ತಾರೀಕು ಕಂತಿದ್ದವರ ಖಾತೆ ಖಾಲಿ ಇದ್ದರೆ ಅದು ಬೌನ್ಸ್. ಸಾಲ ಕೊಟ್ಟವರ ದಂಡ ಬೇರೆ, ಖಾತೆ ಇರುವ ಬ್ಯಾಂಕಿನ ದಂಡ ಬೇರೆ. "ಸಹಕರಿಸಿ" ಎಂದು ಬರೆದರೆ ಆ ದಂಡ ಯಾರು ಕಟ್ಟಬೇಕು? ಮಾಲೀಕರು ಸ್ವಲ್ಪ ಗೊಣಗಿ ಒಪ್ಪಿದರು. ಕೊನೆಗೆ ಹೋದ ಮೇಲ್ ಹೀಗಿತ್ತು:

"ವಿಷಯ: ಸಂಬಳ 4ನೇ ತಾರೀಕು ಮಂಗಳವಾರ ಸಂಜೆ 6ರೊಳಗೆ

ಎಲ್ಲರಿಗೂ ನಮಸ್ಕಾರ.

ಇಂದು ಆಗಬೇಕಿದ್ದ ಸಂಬಳ ಆಗಿಲ್ಲ. ಕ್ಷಮಿಸಿ. ಪಾವತಿಗೆ ಒಪ್ಪಿಗೆ ಕೊಡುವ ಡಿಜಿಟಲ್ ಟೋಕನ್‌ನ ಅವಧಿ ಮುಗಿದಿದ್ದನ್ನು ನಾವು ಗಮನಿಸಲಿಲ್ಲ. ತಪ್ಪು ನಮ್ಮದು. ಸಂಬಳದ ಹಣ ಕಂಪನಿ ಖಾತೆಯಲ್ಲಿದೆ.

4ನೇ ತಾರೀಕು ಮಂಗಳವಾರ ಸಂಜೆ 6ರೊಳಗೆ ಪೂರ್ತಿ ಸಂಬಳ ಜಮಾ ಆಗುತ್ತದೆ. ನಮ್ಮದೇ ಬ್ಯಾಂಕಿನ ಖಾತೆಗೆ ಮೊದಲು, ಬೇರೆ ಬ್ಯಾಂಕಿಗೆ ಸ್ವಲ್ಪ ತಡವಾಗಿ ಬರಬಹುದು.

4ರೊಳಗೆ ಸಾಲದ ಕಂತು ಇದ್ದವರು ನಾಳೆ ಮಧ್ಯಾಹ್ನ 12ರೊಳಗೆ ತಿಳಿಸಿ, ಮುಂಗಡ ಕೊಡುತ್ತೇವೆ. ಈ ತಡದಿಂದ ಕಂತು ಬೌನ್ಸ್ ಆಗಿ ದಂಡ ಬಿದ್ದರೆ ಕಂಪನಿ ಭರಿಸುತ್ತದೆ. ಬ್ಯಾಂಕಿನ ಮೆಸೇಜ್ ತೋರಿಸಿದರೆ ಸಾಕು.

ಇದಕ್ಕಾಗಿ ಯಾರಿಗೂ ಖಾತೆ ಸಂಖ್ಯೆ, ಓಟಿಪಿ ಕೊಡಬೇಡಿ. ನಾವು ಕೇಳುವುದಿಲ್ಲ."

ಅದರ ಕೆಳಗೆ ಸಂಬಳದ ಕೆಲಸ ನೋಡುವ ಒಬ್ಬರ ಹೆಸರು, ಮೊಬೈಲ್ ನಂಬರ್, ಶನಿವಾರ ಭಾನುವಾರ ಫೋನ್ ಎತ್ತುವ ಸಮಯ. ಮೊದಲ ಕರಡಿನಲ್ಲಿ "ಎಚ್‌ಆರ್ ವಿಭಾಗವನ್ನು ಸಂಪರ್ಕಿಸಿ" ಎಂದಷ್ಟೇ ಇತ್ತು. ಶುಕ್ರವಾರ ಸಂಜೆ ಬೀಗ ಹಾಕುವ ವಿಭಾಗವನ್ನು ಭಾನುವಾರ ಹೇಗೆ ಸಂಪರ್ಕಿಸುವುದು?

ಮಾಲೀಕರು ಕೊನೆಗೊಂದು ಸಾಲು ಸೇರಿಸಲು ಹೇಳಿದ್ದರು: ಕಾನೂನಿನ ಪ್ರಕಾರ 7ನೇ ತಾರೀಕಿನವರೆಗೆ ಸಮಯವಿದೆ ಎಂದು. ಮಾತು ಸರಿಯೇ. ಆದರೆ ಕ್ಷಮೆ ಕೇಳುವ ಪತ್ರದಲ್ಲಿ ಅದು ಬಂದರೆ ಮೇಲಿನ "ಕ್ಷಮಿಸಿ"ಗೆ ಬೆಲೆ ಇರುವುದಿಲ್ಲ. ತೆಗೆಸಿದೆ.

ಪ್ಲಾಂಟಿನಲ್ಲಿ ಕೆಲಸ ಮಾಡುವ ಅರ್ಧ ಜನ ಮೇಲ್ ನೋಡುವುದೇ ಇಲ್ಲ. ಅವರಿಗಾಗಿ ಇದನ್ನೇ ದಪ್ಪ ಅಕ್ಷರದಲ್ಲಿ ಮುದ್ರಿಸಿ ಹಾಜರಿ ಯಂತ್ರದ ಪಕ್ಕ ಅಂಟಿಸಿದರು. ಶನಿವಾರ ಏಳು ಜನ ಮುಂಗಡ ಕೇಳಿದರು. ಅವರಲ್ಲಿ ಇಬ್ಬರಿಗೆ ಕಂತಿನ ಚಿಂತೆ ಇರಲಿಲ್ಲ, ಮರುದಿನದ ಸಂತೆಗೆ ದುಡ್ಡು ಬೇಕಿತ್ತು. ಅವರಿಗೂ ಕೊಟ್ಟರು. ಸಂಬಳ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೇ ಬಂತು. ಒಬ್ಬರಿಗೆ ಮಾತ್ರ ದಂಡ ಬಿದ್ದಿತ್ತು, ಅದು ಮುಂದಿನ ತಿಂಗಳ ಸಂಬಳದ ಚೀಟಿಯಲ್ಲಿ ಬೇರೆ ಸಾಲಾಗಿ ಸೇರಿತು.