ಎಂಡಾರ್ಸ್‌ಮೆಂಟ್: ವರ್ಷದ ನಡುವೆ ಪಾಲಿಸಿಗೆ ಮಗು, ಹೆಂಡತಿ ಸೇರುವ ಬಗೆ

ಆರೋಗ್ಯ ವಿಮೆಯ ಪಾಲಿಸಿ ಸಾಮಾನ್ಯವಾಗಿ ಒಂದು ವರ್ಷದ ಒಪ್ಪಂದ. ಅವಧಿ ಮುಗಿಯುವ ಮೊದಲೇ ಏನನ್ನಾದರೂ ತಿದ್ದಬೇಕಾಗಿ ಬಂದರೆ ಕಂಪನಿ ಹೊಸ ಪಾಲಿಸಿ ಬರೆಯುವುದಿಲ್ಲ. ಏನು ಬದಲಾಯಿತು, ಯಾವ ದಿನದಿಂದ ಬದಲಾಯಿತು ಎಂದು ಹೇಳುವ ಒಂದು ಪತ್ರವನ್ನು ಪಾಲಿಸಿಗೆ ಲಗತ್ತಿಸುತ್ತದೆ. ಅದೇ ಎಂಡಾರ್ಸ್‌ಮೆಂಟ್. ವಿಳಾಸ ಅಥವಾ ಹೆಸರಿನ ಅಕ್ಷರ ತಿದ್ದಿದರೆ ಪ್ರೀಮಿಯಂ ಬದಲಾಗುವುದಿಲ್ಲ. ಮನುಷ್ಯರು ಸೇರಿದರೆ ಬದಲಾಗುತ್ತದೆ.

ಫ್ಯಾಮಿಲಿ ಫ್ಲೋಟರ್ ಎಂದರೆ ಮನೆಮಂದಿಗೆಲ್ಲ ಸೇರಿ ಒಂದೇ ವಿಮಾ ಮೊತ್ತ. ಅದಕ್ಕೆ ವರ್ಷದ ನಡುವೆ ಯಾರನ್ನು ಬೇಕಾದರೂ ಸೇರಿಸಲು ಬಿಟ್ಟರೆ ಕಾಯಿಲೆ ಬಿದ್ದ ಮೇಲೆ ಸೇರಿಸುವವರೇ ಹೆಚ್ಚಾಗುತ್ತಾರೆ. ಆದ್ದರಿಂದ ಹೆಚ್ಚಿನ ಪಾಲಿಸಿಗಳು ಎರಡೇ ಸಂದರ್ಭದಲ್ಲಿ ನಡುವೆ ಬಾಗಿಲು ತೆರೆಯುತ್ತವೆ: ಹೊಸದಾಗಿ ಮದುವೆಯಾದಾಗ ಸಂಗಾತಿಗೆ, ಹೆರಿಗೆಯಾದಾಗ ಮಗುವಿಗೆ. ಅದಕ್ಕೂ ಗಡುವು ಉಂಟು. ಪಾಲಿಸಿಯನ್ನು ನೋಡಿಕೊಂಡು 30, 60 ಅಥವಾ 90 ದಿನದೊಳಗೆ ತಿಳಿಸಬೇಕಾಗುತ್ತದೆ. ಬೇರೆಯವರೆಲ್ಲ ನವೀಕರಣದ ದಿನಕ್ಕೆ ಕಾಯಬೇಕು.

ಹೆಚ್ಚು ಜನ ಎಡವುವುದು ಇಲ್ಲೇ. ಮಗು ಹುಟ್ಟಿದ ಮೇಲೆ ‘ಹೆಂಡತಿ, ಮಗು ಇಬ್ಬರನ್ನೂ ಸೇರಿಸಿಕೊಳ್ಳಿ’ ಎಂದು ಒಂದೇ ಅರ್ಜಿ ಬರೆಯುತ್ತಾರೆ. ಕಂಪನಿಯ ಕಣ್ಣಿಗೆ ಅದು ಎರಡು ಬೇರೆ ಅರ್ಜಿ. ಹೆರಿಗೆ ಮಗುವಿಗೆ ಬಾಗಿಲು ತೆರೆಯುತ್ತದೆ, ತಾಯಿಗೆ ತೆರೆಯುವುದಿಲ್ಲ. ತಾಯಿಯ ಬಾಗಿಲು ಮದುವೆಯ ದಿನಾಂಕದಿಂದ ಎಣಿಸಿದ ಗಡುವಿನೊಂದಿಗೇ ಮುಚ್ಚಿರುತ್ತದೆ.

ಚಿಂತಾಮಣಿಯ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಗಂಡ ಮತ್ತು ಅವರ ತಾಯಿ 5 ಲಕ್ಷದ ಫ್ಲೋಟರ್‌ನಲ್ಲಿದ್ದಾರೆ. ಅವಧಿ 2025ರ ಜೂನ್ 1ರಿಂದ 2026ರ ಮೇ 31. ಮದುವೆ ಆದದ್ದು 2024ರಲ್ಲಿ. ಹೆಂಡತಿಗೆ ಕೆಲಸದ ಕಡೆ ಗ್ರೂಪ್ ವಿಮೆ ಇತ್ತೆಂದು ಆಗ ಸೇರಿಸಲಿಲ್ಲ. ಬಾಣಂತನಕ್ಕೆಂದು ಅವರು ಕೆಲಸ ಬಿಟ್ಟರು, ವಿಮೆಯೂ ಹೋಯಿತು. 2025ರ ಅಕ್ಟೋಬರ್ 10ರಂದು ತವರಿನ ಗೌರಿಬಿದನೂರಿನಲ್ಲಿ ಮಗು ಹುಟ್ಟಿತು.

ಮೊದಲು ಮಗುವಿನದು. ಬಹಳಷ್ಟು ಫ್ಲೋಟರ್‌ಗಳಲ್ಲಿ ಮಗು ಸೇರುವುದು 91ನೇ ದಿನದಿಂದ. ಅಕ್ಟೋಬರ್ 10ನ್ನು ಮೊದಲ ದಿನವೆಂದು ಎಣಿಸಿದರೆ 2026ರ ಜನವರಿ 8ಕ್ಕೆ 91 ಆಗುತ್ತದೆ. ಅಂದಿನಿಂದ ಮೇ 31ರವರೆಗೆ ಉಳಿಯುವುದು 144 ದಿನ. ಇಬ್ಬರು ದೊಡ್ಡವರಿಗೆ ವರ್ಷದ ಪ್ರೀಮಿಯಂ 28,000, ಒಂದು ಮಗು ಸೇರಿದರೆ 32,380 ಎಂದಿಟ್ಟುಕೊಳ್ಳಿ. ವ್ಯತ್ಯಾಸ 4,380. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 12 ರೂಪಾಯಿ, 144 ದಿನಕ್ಕೆ 1,728 ರೂಪಾಯಿ. ಹೀಗೆ ಉಳಿದ ದಿನಗಳಿಗಷ್ಟೇ ಕಟ್ಟುವುದನ್ನು ಪ್ರೊ-ರೇಟಾ ಎನ್ನುತ್ತಾರೆ. ಇಡೀ ವರ್ಷದ ವ್ಯತ್ಯಾಸ ಕೇಳಿದರೆ ದಿನದ ಲೆಕ್ಕವನ್ನು ಬರಹದಲ್ಲಿ ಕೇಳಿ. ವೈಯಕ್ತಿಕ ಮತ್ತು ಫ್ಲೋಟರ್ ಆರೋಗ್ಯ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಆದ್ದರಿಂದ ಜನವರಿಯ ಈ ಮೊತ್ತದ ಮೇಲೆ ಹಳೆಯ ರೂಢಿಯಂತೆ 18% ಸೇರಿಸಿ ಹೇಳಿದರೆ ಅದು ತಪ್ಪು.

ಪ್ರೀಮಿಯಂ ಏರಿತೆಂದು ವಿಮಾ ಮೊತ್ತ ಏರುವುದಿಲ್ಲ. ಆಗಸ್ಟ್‌ನಲ್ಲಿ ಗಂಡನ ತಾಯಿಯ ಆಪರೇಷನ್‌ಗೆ 3 ಲಕ್ಷ ಕ್ಲೈಮ್ ಆಗಿದ್ದರೆ, ಮೊತ್ತ ಮರುಭರ್ತಿಯಾಗುವ ಸೌಲಭ್ಯ ಇಲ್ಲದ ಪಾಲಿಸಿಯಲ್ಲಿ ಮಗು ಬಂದು ಸೇರುವುದು ಉಳಿದ 2 ಲಕ್ಷಕ್ಕೆ.

ಮೊದಲ 90 ದಿನದ ಗತಿ? ಕಾಮಾಲೆಗೆ ಬೆಳಕಿನ ಚಿಕಿತ್ಸೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಎಂದು ಹಸುಗೂಸಿಗೆ ದೊಡ್ಡ ಬಿಲ್ ಬರುವುದು ಆಗಲೇ. ಹೆರಿಗೆ ಸೌಲಭ್ಯ ಇರುವ ಪಾಲಿಸಿಗಳು ಹುಟ್ಟಿದ ದಿನದಿಂದಲೇ ಮಗುವನ್ನು ಒಳಗೆ ತೆಗೆದುಕೊಳ್ಳುವುದುಂಟು, ಆದರೆ ಸಾಮಾನ್ಯವಾಗಿ ತಾಯಿಯೂ ಅದೇ ಪಾಲಿಸಿಯಲ್ಲಿದ್ದು ಹೆರಿಗೆ ಸೌಲಭ್ಯದ ಕಾಯುವ ಅವಧಿ, ಅಂದರೆ ಕ್ಲೈಮ್ ಸಿಗದ ಆರಂಭದ ಕಾಲ, ಮುಗಿದಿರಬೇಕು. ಈ ಮನೆಯಲ್ಲಿ ತಾಯಿ ಪಾಲಿಸಿಯಲ್ಲೇ ಇಲ್ಲ, ಹಾಗಾಗಿ ಆ ದಾರಿಯೂ ಇಲ್ಲ.

ಇನ್ನು ಹೆಂಡತಿಯದು. ಅವರ ವಿಷಯದಲ್ಲಿ ಬರುವ ಉತ್ತರ ‘ಜೂನ್ 1ರ ನವೀಕರಣದಲ್ಲಿ ಸೇರಿಸಿ’ ಎಂಬುದೇ. ಮದುವೆ ಈ ಅವಧಿಯಲ್ಲೇ ಆಗಿದ್ದು ಗಡುವಿನೊಳಗೆ ತಿಳಿಸಿದ್ದರೆ ಮದುವೆ ಪ್ರಮಾಣಪತ್ರ ಕೊಟ್ಟು, ಮೇಲಿನಂತೆಯೇ ದಿನ ಎಣಿಸಿ ಹಣ ಕಟ್ಟಿ ಸೇರಬಹುದಿತ್ತು. ಕೆಲಸ ಬಿಡುವ ಮೊದಲು ಇದ್ದ ಇನ್ನೊಂದು ಒಳ್ಳೆಯ ದಾರಿ ಗ್ರೂಪ್ ವಿಮೆಯ ಕಡೆಯದು. ಗ್ರೂಪ್ ಪಾಲಿಸಿಯಿಂದ ಹೊರಬರುವವರಿಗೆ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗುವ ಹಕ್ಕಿದೆ, ಕಳೆದ ಕಾಯುವ ಅವಧಿಯ ಲಾಭವೂ ಜೊತೆಗೆ ಬರುತ್ತದೆ. ಇದನ್ನು ಕೆಲಸದ ಕೊನೆಯ ದಿನಕ್ಕೆ ಮೊದಲೇ ಎಚ್‌ಆರ್ ಬಳಿ ಕೇಳಬೇಕು. ಹೆರಿಗೆಯಾದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಅರ್ಜಿಯನ್ನು ಏಜೆಂಟರ ಬಾಯಿಮಾತಿಗೆ ಬಿಡದೆ ಇಮೇಲ್‌ನಲ್ಲಿ ಕಳಿಸಿ. ಬರೆಯಬೇಕಾದ್ದು ಇಷ್ಟೇ: ‘ಪಾಲಿಸಿ ಸಂಖ್ಯೆ ಇಂಥದ್ದು. 10-10-2025ರಂದು ಹುಟ್ಟಿದ ಮಗುವನ್ನು ಸೇರಿಸಲು ಕೋರುತ್ತೇನೆ. ಯಾವ ದಿನದಿಂದ ಸೇರಿಸುತ್ತೀರಿ, ಎಷ್ಟು ದಿನಕ್ಕೆ ಎಷ್ಟು ಪ್ರೀಮಿಯಂ ಎಂದು ತಿಳಿಸಿ. ಪತ್ನಿಯನ್ನೂ ಸೇರಿಸಲು ಕೋರುತ್ತೇನೆ, ಆಗದಿದ್ದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಿ.’ 91ನೇ ದಿನಕ್ಕೆ ಕಾಯದೆ, ಜನನ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕಳಿಸಿದರೆ ಗಡುವು ಮೀರುವ ಭಯವಿಲ್ಲ.

ಆ ಪ್ರಮಾಣಪತ್ರದಲ್ಲೇ ನಮ್ಮ ಕಡೆಯ ತೊಡಕುಗಳಿರುತ್ತವೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದೂ ಹೆರಿಗೆಯಾದ ಊರಿನಲ್ಲಿ. ಮನೆ ಚಿಂತಾಮಣಿಯಲ್ಲಿದ್ದರೂ ಇಲ್ಲಿ ಓಡಾಡಬೇಕಾದ್ದು ಗೌರಿಬಿದನೂರಿಗೆ. ನಾಮಕರಣ ಆಗದಿದ್ದರೆ ಮಗುವಿನ ಹೆಸರಿನ ಜಾಗ ಖಾಲಿ ಬಿಡಬಹುದು. ಆಗ ಕಂಪನಿಯವರು ಸಾಮಾನ್ಯವಾಗಿ ‘ಬೇಬಿ ಆಫ್’ ಎಂದು ತಾಯಿಯ ಹೆಸರಿನೊಂದಿಗೆ ಸೇರಿಸುತ್ತಾರೆ, ಹೆಸರಿಟ್ಟ ಮೇಲೆ ಇನ್ನೊಂದು ಎಂಡಾರ್ಸ್‌ಮೆಂಟ್ ಮಾಡಿಸಿದರಾಯಿತು. ಹೆಚ್ಚು ಕಾಡುವುದು ಇನಿಷಿಯಲ್. ತಾಯಿಯ ಆಧಾರ್‌ನಲ್ಲಿ ತಂದೆಯ ಇನಿಷಿಯಲ್, ಆಸ್ಪತ್ರೆಯವರು ಬರೆದುಕೊಂಡದ್ದು ‘ಕೋಂ’ ಎಂದು ಗಂಡನ ಹೆಸರು. ಎರಡರಲ್ಲೂ ಒಬ್ಬರೇ ಎಂಬುದು ಮನೆಯವರಿಗೆ ಗೊತ್ತು, ಕ್ಲೈಮ್ ನೋಡುವ ಟಿಪಿಎಗೆ ಗೊತ್ತಿಲ್ಲ. ಹೆರಿಗೆಗೆ ಸೇರಿಸುವಾಗಲೇ ಆಧಾರ್ ನೋಡಿ ಬರೆಸಿ.

ಆರೋಗ್ಯದ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಅವಧಿಗೆ ಮುಂಚೆ ಹುಟ್ಟಿದ್ದು, ಎನ್‌ಐಸಿಯುನಲ್ಲಿ ನಾಲ್ಕು ದಿನ ಇದ್ದದ್ದು ಸಣ್ಣದೆಂದು ಬಿಟ್ಟರೆ, ಆಮೇಲೆ ಕ್ಲೈಮ್ ತಳ್ಳಿಹಾಕಲು ಅದೇ ಕಾರಣವಾಗುತ್ತದೆ.

ಅರ್ಜಿ ತಲುಪಿದ ಮಾತ್ರಕ್ಕೆ ರಕ್ಷಣೆ ಶುರುವಾಗುವುದಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ಮೊದಲು ಕಂಪನಿ ಹೊಣೆ ಹೊರುವಂತಿಲ್ಲ. ಪಾವತಿಯ ಲಿಂಕ್ ಬಂದ ದಿನವೇ ಕಟ್ಟಿ. ನಂತರ ಬರುವ ಶೆಡ್ಯೂಲ್‌ನಲ್ಲಿ ಮಗುವಿನ ಹೆಸರಿನ ಎದುರು ‘ಸೇರಿದ ದಿನಾಂಕ’ ನೋಡಿ, ಅಲ್ಲಿ 08-01-2026 ಇರಬೇಕು. ಹೊಸ ಸದಸ್ಯರಿಗೆ ಕಾಯುವ ಅವಧಿಗಳು ಸಾಮಾನ್ಯವಾಗಿ ಅಂದಿನಿಂದಲೇ ಹೊಸದಾಗಿ ಎಣಿಕೆಯಾಗುತ್ತವೆ: ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ, ಪಟ್ಟಿಯಲ್ಲಿರುವ ಕೆಲವು ಕಾಯಿಲೆಗಳಿಗೆ ಎರಡು ವರ್ಷ ಅಥವಾ ಹೆಚ್ಚು. ಆ ಪಟ್ಟಿಯಲ್ಲಿ ಹರ್ನಿಯ ಬಹುಮಟ್ಟಿಗೆ ಇರುತ್ತದೆ, ಎಳೆಗೂಸುಗಳಿಗೆ ಆಪರೇಷನ್ ಬೇಕಾಗುವ ಕಾಯಿಲೆಗಳಲ್ಲಿ ಅದೂ ಒಂದು. ಮಗುವಿಗೆ ಇದರಲ್ಲಿ ವಿನಾಯಿತಿ ಕೊಡುವ ಪಾಲಿಸಿಗಳೂ ಇವೆ, ನಿಮ್ಮದರಲ್ಲಿ ಏನಿದೆಯೋ ಷರತ್ತಿನ ಹಾಳೆಯಲ್ಲೇ ಓದಬೇಕು.

ಹೆಂಡತಿಯ ಹೆಸರನ್ನು ನವೀಕರಣಕ್ಕೆ 45 ದಿನ ಮೊದಲೇ, ಅಂದರೆ ಏಪ್ರಿಲ್ ನಡುವಿನಲ್ಲಿ ಕೊಡಿ. ಸಿಸೇರಿಯನ್ ಆಗಿದ್ದರೆ, ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದರೆ ಕಂಪನಿ ವೈದ್ಯಕೀಯ ತಪಾಸಣೆ ಕೇಳಬಹುದು. ಮೇ ಕೊನೆಯ ವಾರದಲ್ಲಿ ಕೊಟ್ಟರೆ ತಪಾಸಣೆ ಮುಗಿಯುವ ಮೊದಲೇ ಹಳೆಯ ಸದಸ್ಯರಿಗಷ್ಟೇ ಪಾಲಿಸಿ ನವೀಕರಣವಾಗಿಬಿಡುತ್ತದೆ, ಅವರು ಮತ್ತೊಂದು ವರ್ಷ ಹೊರಗುಳಿಯುತ್ತಾರೆ.